ಬಡ್ತಿ ಪಡೆದ ಸಹೋದ್ಯೋಗಿಗೆ ನಾಲ್ಕು ಸಾಲು

ಹೊಸ ಆರ್ಥಿಕ ವರ್ಷ ಆರಂಭವಾಗುತ್ತಿದ್ದಂತೆ ಬ್ಯಾಂಕುಗಳಲ್ಲಿ ಬಡ್ತಿ ಹಾಗೂ ವರ್ಗಾವಣೆಯ ಆದೇಶಗಳು ಒಂದೊಂದಾಗಿ ಹೊರಬೀಳತೊಡಗುತ್ತವೆ. ಸುದ್ದಿ ತಿಳಿದೊಡನೆ ಉದ್ಯೋಗಬಂಧುಗಳಿಂದ ಶುಭ ಹಾರೈಕೆಗಳು ಬರುತ್ತವೆ. ಐವತ್ತು ಮಂದಿ ಬರೆದಿದ್ದರೆ ನಲವತ್ತೈದು ಮಂದಿಯದು ಒಂದೇ ಮಾತು, 'ಹಾರ್ದಿಕ ಶುಭಾಶಯಗಳು'. ಈ ಮಾತಿನಲ್ಲಿ ದೋಷವೇನೂ ಇಲ್ಲ. ಆದರೆ ಅದನ್ನು ಓದಿದವರಿಗೆ, ಬರೆದವರು ತಮ್ಮನ್ನು ಬಲ್ಲವರು ಎಂಬ ಭಾವನೆ ಮೂಡುವುದಿಲ್ಲ. ಬಡ್ತಿ ಪಡೆದವರಿಗೆ ಮುಟ್ಟುವಂತಹ ನಾಲ್ಕು ಸಾಲು ಬರೆಯುವುದು ಹೇಗೆ ಎಂಬುದನ್ನು ಬ್ಯಾಂಕಿನ ಒಂದು ನಿದರ್ಶನದ ಮೂಲಕ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಮೊದಲಿಗೆ ಎರಡು ಶಬ್ದಗಳ ಅಂತರವನ್ನು ಗಮನಿಸಬೇಕು. 'ಅಭಿನಂದನೆ' ಎಂದರೆ ಒಬ್ಬರು ಸಾಧಿಸಿದ್ದನ್ನು ಕಂಡು ಅವರ ಕಡೆಗೆ ತೋರುವ ಸಂತೋಷ. 'ಶುಭಾಶಯ' ಎಂದರೆ ಮುಂದೆ ಒಳಿತಾಗಲಿ ಎಂಬ ಹಾರೈಕೆ. ಹಬ್ಬಕ್ಕೆ, ಮದುವೆಗೆ, ಹೊಸ ವರ್ಷಕ್ಕೆ ಶುಭಾಶಯ ಸಲ್ಲುತ್ತದೆ. ಬಡ್ತಿಯಾದರೋ ಎರಡನ್ನೂ ಬೇಡುತ್ತದೆ. ಈವರೆಗಿನ ದುಡಿಮೆಗೆ ಅಭಿನಂದನೆ, ಹೊಸ ಹೊಣೆಗೆ ಶುಭಾಶಯ. ಬರಿಯ ಶುಭಾಶಯವನ್ನಷ್ಟೇ ಬರೆದಾಗ ಆ ವ್ಯಕ್ತಿ ಇಷ್ಟು ವರ್ಷ ಮಾಡಿದ ಕೆಲಸದ ಮಾತೇ ಬಿಟ್ಟುಹೋಗುತ್ತದೆ.

ಬಡ್ತಿಯೆಂದರೆ ಏನೆಂಬುದನ್ನು ಅರಿಯದೆ ಅಭಿನಂದಿಸುವುದೂ ಕಷ್ಟವೇ. ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ 1979ರ ಅಧಿಕಾರಿ ಸೇವಾ ನಿಯಮಾವಳಿಯು ಅಧಿಕಾರಿಗಳ ಶ್ರೇಣಿಗಳನ್ನು ಒಂದರಿಂದ ಏಳನೆಯ ಸ್ಕೇಲಿನವರೆಗೆ ನಿಗದಿಪಡಿಸಿತು. ಎರಡನೆಯ ಸ್ಕೇಲಿನಿಂದ ಮೂರನೆಯದಕ್ಕೆ ಏರುವುದು ಅಧಿಕಾರಿಯೊಬ್ಬರು ಮತ್ತೊಂದು ಮೆಟ್ಟಿಲನ್ನು ಹತ್ತಿದಂತೆ. ಆದರೆ ಗುಮಾಸ್ತರೊಬ್ಬರು ಒಂದನೆಯ ಸ್ಕೇಲಿನ ಅಧಿಕಾರಿಯಾಗುವುದು ಮನೆಯನ್ನೇ ಬದಲಿಸಿದಂತೆ. ಗುಮಾಸ್ತರಿಗೆ ಹೆಚ್ಚುವರಿ ದುಡಿಮೆಗೆ ಓವರ್‌ಟೈಮ್ ಇದೆ, ಅಧಿಕಾರಿಗಿಲ್ಲ. ಗುಮಾಸ್ತರ ವರ್ಗಾವಣೆ ಸಾಮಾನ್ಯವಾಗಿ ಸಮೀಪದ ಶಾಖೆಗಳ ನಡುವೆ ನಡೆದರೆ, ಅಧಿಕಾರಿಯನ್ನು ದೇಶದ ಯಾವ ಮೂಲೆಗಾದರೂ ಕಳುಹಿಸಬಹುದು. ನೌಕರರ ಸಂಘವನ್ನು ಬಿಟ್ಟು ಅಧಿಕಾರಿಗಳ ಸಂಘವನ್ನು ಸೇರಬೇಕಾಗುತ್ತದೆ. ನಿನ್ನೆಯವರೆಗೆ ಪಕ್ಕದ ಕೌಂಟರಿನಲ್ಲಿದ್ದವರ ವೋಚರಿಗೆ ಇಂದು ತಾವೇ ಮಂಜೂರಾತಿಯ ಸಹಿ ಹಾಕಬೇಕು. ಈ ಕಾರಣಗಳಿಂದಲೇ ಅನೇಕರು, ಮುಂಬಯಿಯಂತಹ ನಗರದಲ್ಲಿ ನೆಲೆಸಿದ ಕನ್ನಡಿಗರೂ ಸಹ, ಅರ್ಹತೆಯಿದ್ದರೂ ವರ್ಷಗಟ್ಟಲೆ ಬಡ್ತಿಯಿಂದ ದೂರ ಉಳಿಯುತ್ತಾರೆ.

ಈಗ ನಿದರ್ಶನಕ್ಕೆ ಬರೋಣ. ಮುಂಬಯಿಯ ಉಪನಗರದ ಶಾಖೆಯೊಂದರಲ್ಲಿ 17 ವರ್ಷ ಗುಮಾಸ್ತರಾಗಿದ್ದ ಮಹಿಳೆಯೊಬ್ಬರಿಗೆ ಅಧಿಕಾರಿಯಾಗಿ ಬಡ್ತಿ ದೊರೆತಿದೆ ಎಂದಿಟ್ಟುಕೊಳ್ಳಿ. ನೇಮಕಾತಿ ವಿದರ್ಭದ ಗೋಂದಿಯಾಕ್ಕೆ, ರೈಲಿನಲ್ಲಿ ಸುಮಾರು ಸಾವಿರ ಕಿಲೋಮೀಟರು. ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ಬರೆಯಲಿರುವವರು ಅದೇ ಶಾಖೆಯಲ್ಲಿ ಅವರೊಡನೆ ದುಡಿದ ಹಿರಿಯ ಸಹೋದ್ಯೋಗಿ.

ಮೊದಲು ನೆನಪನ್ನು ಕೆದಕಬೇಕು. ಆಕೆಯ ಗುಣಗಳ ಪಟ್ಟಿ ಬೇಡ, ಕಣ್ಣಾರೆ ಕಂಡ ಒಂದು ಸಂಗತಿ ಸಾಕು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. 10ರಂದು ಬ್ಯಾಂಕು ತೆರೆದಾಗ ಸಾಲು ಬೀದಿಯವರೆಗೆ ಬೆಳೆದಿತ್ತು. ನವೆಂಬರ್ ತಿಂಗಳೆಂದರೆ ಪಿಂಚಣಿದಾರರು ಜೀವಿತ ಪ್ರಮಾಣಪತ್ರವನ್ನು ಕೊಡಲು ಬರುವ ಕಾಲವೂ ಹೌದು. ಎಪ್ಪತ್ತು, ಎಂಬತ್ತರ ವಯಸ್ಸಿನವರು ಆ ನೂಕುನುಗ್ಗಲಿನಲ್ಲಿ ನಿಂತಿರುವುದನ್ನು ಕಂಡ ಆಕೆ, ಶಾಖಾ ಪ್ರಬಂಧಕರನ್ನು ಕೇಳಿ, ಬಾಗಿಲ ಬಳಿ ಒಂದು ಮೇಜು ಹಾಕಿಸಿ, ಅವರ ಪತ್ರಗಳನ್ನು ಅಲ್ಲಿಯೇ ಪಡೆದುಕೊಂಡರು. ಬರೆಯಬೇಕಾದದ್ದು ಇದನ್ನೇ. ಹೆಸರಿನ ಮುಂದೆ 'ಅವರೇ' ಎಂದು ಸಂಬೋಧಿಸಿ, ಹೀಗೆ ಬರೆಯಬಹುದು:

"ನಿಮ್ಮ ಬಡ್ತಿಯ ಸುದ್ದಿ ಓದಿ ಮನಸ್ಸು ತುಂಬಿ ಬಂತು. ನೋಟು ರದ್ದಾದ ಆ ನವೆಂಬರಿನಲ್ಲಿ ಪಿಂಚಣಿಯ ಹಿರಿಯರಿಗಾಗಿ ಬಾಗಿಲ ಬಳಿ ಮೇಜು ಹಾಕಿಸಿದವರು ನೀವು. ಅಂದು ಯಾರೂ ನಿಮಗೆ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ಅಂತಹ ಕಣ್ಣುಳ್ಳವರು ಅಧಿಕಾರಿಯ ಕುರ್ಚಿಯಲ್ಲಿ ಕುಳಿತರೆ ಗೋಂದಿಯಾದ ಗ್ರಾಹಕರ ಭಾಗ್ಯ. ಹಾರ್ದಿಕ ಅಭಿನಂದನೆಗಳು, ಹೊಸ ಹೊಣೆಗೆ ಶುಭಾಶಯಗಳು."

ಇದರ ರಚನೆ ಸರಳ. ಮೊದಲ ಸಾಲಿನಲ್ಲಿ ಬರೆದವರ ಸಂತೋಷವಿದೆ. ನಂತರ ಕಂಡ ಸಂಗತಿ, ಅದರಿಂದ ಹೊರಡುವ ಹೊಸ ಹುದ್ದೆಯ ಮಾತು, ಕೊನೆಗೆ ಅಭಿನಂದನೆ ಮತ್ತು ಶುಭಾಶಯ ತಮ್ಮ ತಮ್ಮ ಸ್ಥಾನದಲ್ಲಿ. ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಹೆಸರನ್ನು ಅಳಿಸಿ ಬೇರೊಬ್ಬರ ಹೆಸರನ್ನು ಹಾಕಿ ನೋಡಿ. ಆಗಲೂ ಬರಹ ಹೊಂದುವುದಾದರೆ ಅದು ರಬ್ಬರ್ ಮೊಹರಷ್ಟೆ. 'ಕರ್ತವ್ಯನಿಷ್ಠೆ, ಸರಳತೆ, ಸಜ್ಜನಿಕೆಗಳ ಸಾಕಾರಮೂರ್ತಿ' ಎಂಬಂತಹ ಮಾತುಗಳು ಈ ಪರೀಕ್ಷೆಯಲ್ಲಿ ಉಳಿಯಲಾರವು. ಅವು ನಿವೃತ್ತಿಯ ಸಮಾರಂಭದಲ್ಲಿ ಯಾರಿಗೆ ಬೇಕಾದರೂ ಒಪ್ಪುತ್ತವೆ.

ಮಗನ ಪರೀಕ್ಷೆಯ ವಿಷಯವನ್ನು ಮೇಲಿನ ಸಾಲುಗಳಲ್ಲಿ ಬರೆದಿಲ್ಲವೆಂಬುದನ್ನು ಗಮನಿಸಿರಬಹುದು. ಅದು ಆ ಮನೆಯವರ ಚಿಂತೆ. ಹತ್ತು ಮಂದಿ ಓದುವಲ್ಲಿ ಬರೆಯತಕ್ಕದ್ದಲ್ಲ. ಸಂಜೆ ದೂರವಾಣಿಯಲ್ಲಿ, 'ಹುಡುಗನ ಊಟ, ಟ್ಯೂಷನ್ ನೋಡಿಕೊಳ್ಳುವವರು ಯಾರು?' ಎಂದು ಕೇಳಿದರೆ ಆ ಮಾತಿನ ಬೆಲೆ ಹೆಚ್ಚು. ಅದೇ ರೀತಿ, ಗ್ರಾಹಕರ ಹೆಸರನ್ನಾಗಲಿ ಖಾತೆಯ ವಿವರವನ್ನಾಗಲಿ ಮೆಚ್ಚುಗೆಯ ನೆಪದಲ್ಲಿಯೂ ಬರೆಯಕೂಡದು; ಗೋಪ್ಯತೆಯ ಕಟ್ಟುಪಾಡು ಅಭಿನಂದನೆಗೂ ಅನ್ವಯಿಸುತ್ತದೆ.

ಇನ್ನು ಕೆಡುವುದು ಎಲ್ಲಿ? ಹೆಚ್ಚಾಗಿ ಒಂದೇ ಶಬ್ದದಲ್ಲಿ. 'ಕೊನೆಗೂ ಬಡ್ತಿ ಬಂತಲ್ಲ!' ಎಂಬ ಉದ್ಗಾರವನ್ನು ಬರೆದವರು ಪ್ರೀತಿಯಿಂದಲೇ ಬರೆದಿರುತ್ತಾರೆ. ಓದುವವರಿಗೆ ಮಾತ್ರ 17 ವರ್ಷ ತಡವಾಯಿತೆಂಬ ಎಣಿಕೆ ಕೇಳಿಸುತ್ತದೆ. ಬಡ್ತಿ ಬೇಡವೆಂದು ಆಕೆಯೇ ಮಕ್ಕಳಿಗಾಗಿ ತಡೆದಿದ್ದರೆ ಆ ಮಾತು ಇನ್ನೂ ಚುಚ್ಚುತ್ತದೆ. 'ನಾನು ಕೆಲಸ ಕಲಿಸಿದ ಹುಡುಗಿ' ಎಂಬ ಮಾತಿನಲ್ಲಿ ಅಭಿನಂದನೆ ಬರೆದವರಿಗೇ ಸಂದುಬಿಡುತ್ತದೆ. 'ಉಳಿದವರಿಗಿಂತ ನೀವೇ ಅರ್ಹರು' ಎಂದರಂತೂ, ಅದೇ ಸಂದರ್ಶನಕ್ಕೆ ಹೋಗಿ ಆಯ್ಕೆಯಾಗದೆ ಮರಳಿದ ಸಹೋದ್ಯೋಗಿ ಅದನ್ನು ಓದಿ, ಮರುದಿನ ಅದೇ ಶಾಖೆಯಲ್ಲಿ ನಿಮ್ಮೆದುರು ಕುಳಿತುಕೊಳ್ಳಬೇಕಾಗುತ್ತದೆ.

ಕಡೆಯದಾಗಿ ಕಾಲದ ವಿಚಾರ. ಆಯ್ಕೆಪಟ್ಟಿ ಪ್ರಕಟವಾದ ದಿನವೇ ನೇಮಕಾತಿಯ ಸ್ಥಳ ಗೊತ್ತಾಗಬೇಕೆಂದಿಲ್ಲ. ಊರು ತಿಳಿದ ಬಳಿಕ ಬಡ್ತಿಯನ್ನೇ ನಿರಾಕರಿಸುವವರೂ ಇದ್ದಾರೆ. ಆದ್ದರಿಂದ ಬಡ್ತಿ ಪಡೆದವರು ತಾವಾಗಿ ಸುದ್ದಿಯನ್ನು ತಿಳಿಸುವವರೆಗೆ ಬಹಿರಂಗವಾಗಿ ಬರೆಯದಿರುವುದು ಲೇಸು. ಅವರು ತಿಳಿಸಿದ ಮೇಲೆ ಮಾತ್ರ ತಡಮಾಡಬಾರದು. ಹೊಸ ಊರಿನಲ್ಲಿ, ಬಾಡಿಗೆಯ ಕೋಣೆಯಲ್ಲಿ ಕಳೆಯುವ ಮೊದಲ ವಾರಗಳಲ್ಲಿ ಹಳೆಯ ಶಾಖೆಯವರು ಬರೆದ ಸಾಲುಗಳನ್ನು ಮತ್ತೆ ತೆರೆದು ಓದುವುದುಂಟು. ಬಾಗಿಲ ಬಳಿಯ ಆ ಮೇಜನ್ನು ಯಾರೋ ನೆನಪಿಟ್ಟಿದ್ದಾರೆ ಎಂಬುದು ಆಗ ಅವರಿಗೆ ತಿಳಿದಿರಬೇಕು.