ತೊಳೆಸದೆ ಉಳಿದ ವಾಶ್ ಯಾರ ಲೆಕ್ಕಕ್ಕೆ?

ಕಾರ್ ವಾಶ್ ಸೆಂಟರ್‌ನ ತಿಂಗಳ ಪ್ಯಾಕೇಜಿಗೆ ದುಡ್ಡು ಕಟ್ಟುವ ಮುಂಚೆ ಎರಡು ವಿಷಯ ಕೇಳಿಕೊಳ್ಳಬೇಕು: ನಮ್ಮ ಗಾಡಿ ಯಾವ ದರಕ್ಕೆ ಬರುತ್ತದೆ, ತೊಳೆಸದೆ ಉಳಿದ ವಾಶ್ ಏನಾಗುತ್ತದೆ.

ದರಪಟ್ಟಿಯಲ್ಲಿ ಸಾಮಾನ್ಯವಾಗಿ ಹ್ಯಾಚ್‌ಬ್ಯಾಕ್, ಸೆಡಾನ್, ಎಸ್‌ಯುವಿ ಎಂದು ಮೂರು ದರ್ಜೆ ಇರುತ್ತವೆ. ಇಲ್ಲಿ ಉದ್ದವೊಂದೇ ಲೆಕ್ಕವಲ್ಲ. ಮಾರುತಿಯ ಡಿಸೈರ್, ಬ್ರೆಝಾ ಎರಡೂ 3,995 ಮಿಲಿಮೀಟರ್ ಉದ್ದದವು. ಆದರೆ ಬ್ರೆಝಾ ಎತ್ತರದ ಗಾಡಿ; ಒರೆಸಬೇಕಾದ ಮೈ ಹೆಚ್ಚು, ಟಾಪ್ ಉಜ್ಜಲು ಹುಡುಗರು ಸ್ಟೂಲ್ ಹತ್ತಬೇಕಾಗುತ್ತದೆ. ಹಾಗಾಗಿ ಕೆಲವರು ಇಂಥ ಸಣ್ಣ ಎಸ್‌ಯುವಿಗೆ ಸೆಡಾನ್ ದರ ಹಾಕಿದರೆ, ಕೆಲವರು ಇನ್ನೋವಾದ ದರವನ್ನೇ ಹಾಕುತ್ತಾರೆ. ಗಾಡಿಯ ಹೆಸರು ಹೇಳಿಯೇ ದರ ಕೇಳಿ.

ಈಗ ಒಂದು ಲೆಕ್ಕ ಹಾಕೋಣ. ಹ್ಯಾಚ್‌ಬ್ಯಾಕ್‌ಗೆ ಬಿಡಿ ವಾಶ್ 400 ರೂಪಾಯಿ, ತಿಂಗಳಿಗೆ ನಾಲ್ಕು ವಾಶ್‌ನ ಪ್ಯಾಕೇಜ್ 1,200 ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕೂ ಬಳಸಿದರೆ ಒಂದಕ್ಕೆ 300 ಬೀಳುತ್ತದೆ. ಮೂರು ಬಳಸಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡೇ ಬಳಸಿದರೆ ಒಂದಕ್ಕೆ 600 ಕೊಟ್ಟಂತೆ. ಉಳಿದದ್ದು ಮುಂದಿನ ತಿಂಗಳಿಗೆ ಬರುತ್ತದೆಯೋ ಇಲ್ಲವೋ ಎಂಬುದರ ಮೇಲೆ ಪ್ಯಾಕೇಜಿನ ನಿಜವಾದ ಬೆಲೆ ನಿಂತಿದೆ.

ಬರುತ್ತದೆ ಎಂದರೂ ಅಷ್ಟಕ್ಕೇ ಸಮಾಧಾನಪಡಬಾರದು. ಜೂನ್‌ನಲ್ಲಿ ಎರಡು ಉಳಿಯಿತು, ಜುಲೈಯ ನಾಲ್ಕು ಸೇರಿ ಆರಾಯಿತು ಎನ್ನಿ. ಉಳಿದ ವಾಶ್‌ಗೆ ಒಂದೇ ತಿಂಗಳ ವಾಯಿದೆ. ಜುಲೈನಲ್ಲಿ ನಾಲ್ಕು ಸಲ ತೊಳೆಸಿದಿರಿ. ಸೆಂಟರ್‌ನವರು ಹಳೆಯದನ್ನು ಮೊದಲು ಕಳೆದರೆ, ಜೂನ್‌ನ ಎರಡೂ ಮುಗಿದು ಜುಲೈಯ ಎರಡು ಆಗಸ್ಟ್‌ಗೆ ಉಳಿಯುತ್ತವೆ. ಹೊಸದನ್ನು ಮೊದಲು ಕಳೆದರೆ, ಜುಲೈಯ ನಾಲ್ಕೂ ಖರ್ಚಾಗಿ ಜೂನ್‌ನ ಎರಡು ವಾಯಿದೆ ಮೀರಿ ಹೋಗುತ್ತವೆ. ತೊಳೆಸಿದ್ದು ಅಷ್ಟೇ ಸಲ, ಆದರೂ 600 ರೂಪಾಯಿ ಕೈಬಿಟ್ಟಿತು.

ವಾಯಿದೆ ಇಡುವುದಕ್ಕೆ ಸೆಂಟರ್‌ನವರಿಗೂ ಕಾರಣವಿದೆ. ಎಲ್ಲರೂ ವಾಶ್ ಕೂಡಿಟ್ಟು, ಹಬ್ಬದ ಹಿಂದಿನ ಭಾನುವಾರ ಒಟ್ಟಿಗೆ ಬಂದರೆ ಇರುವ ಜಾಗವೂ ಸಾಲದು, ಕೆಲಸದವರೂ ಸಾಲರು. ಆದರೆ ಅವರ ಕಡೆಯಿಂದಲೇ ತಪ್ಪಿದ ವಾಶ್‌ನ ಮಾತು ಬೇರೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವದಿಂದಾಗಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ಇಂಥ ಕಾರಣಕ್ಕೆ ಸೆಂಟರ್ ಮುಚ್ಚಿದರೆ, ಅಷ್ಟು ದಿನ ವಾಯಿದೆ ಮುಂದಕ್ಕೆ ಹೋಗುವುದೇ ನ್ಯಾಯ.

ಹಾಗಾಗಿ ಗಾಡಿಯ ದರ್ಜೆ, ವಾಯಿದೆಯ ತಾರೀಖು, ಹಳೆಯ ವಾಶ್ ಮೊದಲು ಕಳೆಯುತ್ತಾರೆಂಬ ಮಾತು, ಈ ಮೂರನ್ನೂ ಬಿಲ್ ಮೇಲೆ ಬರೆಸಿಕೊಳ್ಳಿ. ತಿಂಗಳಿಗೆ ಎರಡೇ ಸಲ ತೊಳೆಸುವವರಿಗೆ ಈ ದರದಲ್ಲಿ ಬಿಡಿ ವಾಶೇ ಅಗ್ಗ.