ಕಂತು ಕಟ್ಟುತ್ತಾ ಇದ್ರೂ ಸಾಲ ಯಾಕೆ ಬೇಗ ಕರಗಲ್ಲ?

ತರಕಾರಿ ಸಾಗಿಸೋಕೆ ಪಿಕಪ್ ಗಾಡಿ ತಗೊಂಡಾಗ ನಾನು 5 ಲಕ್ಷ ಸಾಲ ಮಾಡಿದ್ದೆ. ವರ್ಷಕ್ಕೆ ಶೇ. 12 ಬಡ್ಡಿ, 5 ವರ್ಷ, ತಿಂಗಳ ಕಂತು 11,122 ರೂಪಾಯಿ. ಒಂದು ವರ್ಷ ತಪ್ಪದೆ ಕಟ್ಟಿದೆ, ಒಟ್ಟು ಸುಮಾರು 1.33 ಲಕ್ಷ. ಇನ್ನು 3.67 ಲಕ್ಷ ಉಳಿದಿರುತ್ತೆ ಅಂದ್ಕೊಂಡು ವಿಚಾರಿಸಿದ್ರೆ, ಬಾಕಿ 4.22 ಲಕ್ಷ ಅಂದ್ರು. ಮೋಸ ಆಯ್ತು ಅಂತ ಮನೆಗೆ ಬಂದು, ಸಾಲದ ಕಾಗದಗಳ ಜೊತೆ ಕೊಟ್ಟಿದ್ದ ಕಂತಿನ ಪಟ್ಟಿ ಮೊದಲ ಸಲ ಬಿಚ್ಚಿ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು.

ಬಡ್ಡಿ ಹಾಕುವುದು ಆ ತಿಂಗಳು ಉಳಿದಿರುವ ಬಾಕಿಯ ಮೇಲೆ. ವರ್ಷಕ್ಕೆ ಶೇ. 12 ಅಂದ್ರೆ ತಿಂಗಳಿಗೆ ಶೇ. 1. ಮೊದಲ ತಿಂಗಳು 5 ಲಕ್ಷಕ್ಕೆ 5,000 ಬಡ್ಡಿ. ಕಂತಿನಲ್ಲಿ ಅದು ಹೋಗಿ ಮಿಕ್ಕ 6,122 ಮಾತ್ರ ಅಸಲಿಗೆ ಜಮಾ. ಎರಡನೇ ತಿಂಗಳ ಬಾಕಿ 4,93,878, ಅದಕ್ಕೆ ಬಡ್ಡಿ 4,939. ಅಸಲಿಗೆ ಹೋಗುವ ಪಾಲು 61 ರೂಪಾಯಿ ಹೆಚ್ಚಾಯ್ತು, ಅಷ್ಟೇ. ಹೀಗೇ ನಿಧಾನವಾಗಿ ಬದಲಾಗಿ, ಕೊನೆಯ ಕಂತಿನಲ್ಲಿ ಬಡ್ಡಿ ಬರೀ 110 ರೂಪಾಯಿ. ನಾನು ಮೊದಲ ವರ್ಷ ಕಟ್ಟಿದ್ದರಲ್ಲಿ ಸುಮಾರು 55,800 ಬಡ್ಡಿಗೇ ಹೋಗಿತ್ತು.

ಇದು ಗೊತ್ತಿದ್ರೆ ಒಂದು ಉಪಯೋಗ ಇದೆ. ಬೆಳೆ ಚೆನ್ನಾಗಿ ಬಂದು ಕೈಲಿ 50,000 ಉಳೀತು ಅಂದ್ಕೊಳ್ಳಿ. ಮೊದಲ ವರ್ಷದ ಕೊನೆಗೆ ಅದನ್ನು ಅಸಲಿಗೆ ಕಟ್ಟಿ, ಕಂತು ಅಷ್ಟೇ ಮುಂದುವರಿಸಿದ್ರೆ 48 ಕಂತಿನ ಬದಲು 41ಕ್ಕೆ ಸಾಲ ಮುಗಿಯುತ್ತೆ. ಉಳಿಯುವ ಬಡ್ಡಿ ಸುಮಾರು 28,000. ಅದೇ ದುಡ್ಡನ್ನು ನಾಲ್ಕನೇ ವರ್ಷದ ಕೊನೆಗೆ ಕಟ್ಟಿದ್ರೆ ಉಳಿಯೋದು 5,000 ಚಿಲ್ಲರೆ. ಆದ್ರೆ ಕಟ್ಟುವಾಗ ‘ಕಂತು ಇಳಿಸಬೇಡಿ, ಅವಧಿ ಇಳಿಸಿ’ ಅಂತ ಬರೆದು ಕೊಡಿ. ಅವಧಿಗೆ ಮೊದಲೇ ಕಟ್ಟಿದ್ದಕ್ಕೆ ಶುಲ್ಕ ಇದ್ಯಾ ಅಂತಾನೂ ಮೊದಲೇ ಕೇಳಿ, ಶುಲ್ಕ ಹೆಚ್ಚಿದ್ರೆ ಈ ಲಾಭ ಕರಗಿಹೋಗುತ್ತೆ.

ಪಟ್ಟಿಯನ್ನು ಮೊಬೈಲಲ್ಲೇ ಪರೀಕ್ಷಿಸಬಹುದು. ಗೂಗಲ್ ಶೀಟ್ಸ್‌ನಲ್ಲಿ ಇದನ್ನು ಹಾಕಿ:

```
=PMT(12%/12, 60, -500000)
=IPMT(12%/12, 13, 60, -500000)
```

ಮೊದಲನೆಯದು ಕಂತು, ಎರಡನೆಯದು 13ನೇ ಕಂತಿನ ಬಡ್ಡಿ. ನಿಮ್ಮ ಸಾಲದ ದರ, ಕಂತುಗಳ ಸಂಖ್ಯೆ, ಮೊತ್ತ ಹಾಕ್ಕೊಳ್ಳಿ. ಆರು ತಿಂಗಳಿಗೊಂದು ಕಂತಾದ್ರೆ 12ರಿಂದ ಭಾಗಿಸುವ ಬದಲು 2ರಿಂದ ಭಾಗಿಸಿ.

ನಿಮ್ಮ ಪಟ್ಟಿಯಲ್ಲಿ ಬಡ್ಡಿಯ ಕಾಲಂ ಮೇಲಿಂದ ಕೆಳಗಿನವರೆಗೆ ಒಂದೇ ಅಂಕಿ ಇದ್ರೆ ಮಾತ್ರ ಎಚ್ಚರ. ಅದು ಫ್ಲಾಟ್ ದರ. ಅಸಲು ಕರಗಿದ್ರೂ ಮೊದಲಿನ ಪೂರ್ತಿ 5 ಲಕ್ಷಕ್ಕೇ ಬಡ್ಡಿ ಹಾಕ್ತಾರೆ. ಅದೇ ಶೇ. 12 ಅಂದ್ರೂ ಕಂತು 13,333 ಆಗುತ್ತೆ. ಸಹಿ ಹಾಕುವ ಮೊದಲು ಪಟ್ಟಿ ಕೇಳಿ ಪಡ್ಕೊಂಡು, ಆ ಒಂದು ಕಾಲಂ ನೋಡಿ.