ನಿಮಗಿದು ಗೊತ್ತೆ? ಎಂಟನೇ ಸರ್ವರ್‌ನ ಅವಾಂತರ

2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಬರೀ 45 ನಿಮಿಷದ ವಹಿವಾಟಿನಿಂದ 46 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರ್‌ಗಳ ಪೈಕಿ ಏಳಕ್ಕೆ ಹೊಸ ಕೋಡ್ ಹಾಕಿದ್ದ ತಂತ್ರಜ್ಞರು ಒಂದನ್ನು ಬಿಟ್ಟುಬಿಟ್ಟಿದ್ದರು. ಅದರಲ್ಲಿ 2003ರಲ್ಲೇ ಬಳಕೆ ನಿಂತಿದ್ದ ಹಳೆಯ ಕೋಡ್ ಎಚ್ಚೆತ್ತು ಒಂದೇ ಸಮನೆ ಆರ್ಡರ್ ಕಳಿಸತೊಡಗಿತು. ಗಾಬರಿಯಲ್ಲಿ ಉಳಿದ ಏಳರಿಂದಲೂ ಹೊಸ ಕೋಡ್ ತೆಗೆದರು. ಅವೂ ಅದೇ ಚಾಳಿ ಹಿಡಿದವು!

ಒಂದೇ ಥರ ಇರಬೇಕಾದ ಸರ್ವರ್‌ಗಳು ಹೀಗೆ ಒಂದೊಂದು ಥರ ಆಗುವುದೇ ‘ಕಾನ್ಫಿಗರೇಶನ್ ಡ್ರಿಫ್ಟ್’. ಇದಕ್ಕೆ ಮದ್ದು ‘ಇಮ್ಯೂಟಬಲ್ ಇನ್‌ಫ್ರಾಸ್ಟ್ರಕ್ಚರ್’. ಇಲ್ಲಿ ಓಡುತ್ತಿರುವ ಸರ್ವರ್‌ಗೆ ಯಾರೂ ತೇಪೆ ಹಾಕುವಂತಿಲ್ಲ. ಒಂದು ಸಾಲು ಬದಲಾದರೂ ಹೊಸ ಇಮೇಜ್ ಸಿದ್ಧಪಡಿಸಿ, ಪರೀಕ್ಷಿಸಿ, ಅದೇ ಅಚ್ಚಿನಿಂದ ಎಂಟು ಹೊಸ ಸರ್ವರ್ ಎಬ್ಬಿಸುತ್ತಾರೆ. ಟ್ರಾಫಿಕ್ ಅತ್ತ ತಿರುಗಿದ ಮೇಲೆ ಹಳೆಯವನ್ನು ಅಳಿಸುತ್ತಾರೆ. ಒಂದು ಮಾತ್ರ ಹಿಂದುಳಿಯುವ ಪ್ರಶ್ನೆಯೇ ಬರುವುದಿಲ್ಲ.

ಆದರೆ ಡೇಟಾಬೇಸನ್ನು ಹೀಗೆ ಎಸೆಯಲಾಗದು, ಅದು ಹೊರಗೇ ಇರಬೇಕು. ಇನ್ನು, ಹಳೆಯ ಕೋಡನ್ನು ಎಬ್ಬಿಸುವ ಸೂಚನೆಗೇ ಹೊಸ ಅರ್ಥ ಕೊಟ್ಟಿದ್ದ ನೈಟ್‌ನ ಇನ್ನೊಂದು ಎಡವಟ್ಟಿಗೆ ಈ ಮದ್ದೂ ನಾಟುತ್ತಿರಲಿಲ್ಲ.